ಗ್ರ್ಯಾಜುಯೇಟ್ ವೀಸಾ ಇದೆಯಲ್ಲ ಅಂತ ಕೂರಬೇಡಿ

ಬ್ರಿಟನ್ನಿಗೆ ಒಂದು ವರ್ಷದ ಎಂ.ಎಸ್ಸಿ. ಓದಲು ಬರುವ ನಮ್ಮ ಹುಡುಗ ಹುಡುಗಿಯರದ್ದು ಹೆಚ್ಚುಕಮ್ಮಿ ಒಂದೇ ಲೆಕ್ಕ. ಮೊದಲು ಓದು ಮುಗಿಯಲಿ, ಆಮೇಲೆ ಸ್ಪಾನ್ಸರ್ ಇಲ್ಲದೆಯೂ ಕೆಲಸ ಮಾಡಲು ಬಿಡುವ ಗ್ರ್ಯಾಜುಯೇಟ್ ವೀಸಾ ತಗೊಂಡರೆ ಎರಡು ವರ್ಷ ಇರುತ್ತದೆ, ಆರಾಮಾಗಿ ಕೆಲಸ ಹುಡುಕಿದರಾಯಿತು. ಈ ಲೆಕ್ಕ ಸರಿಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಆ ವೀಸಾ ಬೇಕು, ಬೇಡ ಅನ್ನುತ್ತಿಲ್ಲ. ಆದರೆ ಸ್ಪಾನ್ಸರ್ ಮಾಡುವ ಕಂಪನಿಯನ್ನು ಹುಡುಕುವುದಕ್ಕೆ ಅದು ಬರುವವರೆಗೆ ಕಾಯಬಾರದು.

ನಮ್ಮ ಅಕ್ಕನ ಮಗಳದ್ದೇ ತಗೊಳ್ಳಿ. 2025ರ ಸೆಪ್ಟೆಂಬರಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಲು ಬಂದಳು. 2026ರ ಸೆಪ್ಟೆಂಬರಿಗೆ ಡಿಸರ್ಟೇಶನ್ ಕೊಡಬೇಕು. ರಿಸಲ್ಟ್ ನವೆಂಬರ್ ಮಧ್ಯಕ್ಕೆ. ಕೋರ್ಸ್ ಮುಗಿದ ಮೇಲೂ ನಾಲ್ಕು ತಿಂಗಳು ಸ್ಟೂಡೆಂಟ್ ವೀಸಾ ಇರುವುದರಿಂದ 2027ರ ಜನವರಿವರೆಗೆ ಅವಳು ಇಲ್ಲಿರಬಹುದು. ಎಲ್ಲ ಆಟ ಇರುವುದು ಈ ನಾಲ್ಕು ತಿಂಗಳಲ್ಲಿ.

ಡಿಗ್ರಿ ಮುಗಿಸಿದ್ದಾಳೆ ಅಂತ ಯೂನಿವರ್ಸಿಟಿ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸಿದ ಮೇಲಷ್ಟೇ ಗ್ರ್ಯಾಜುಯೇಟ್ ವೀಸಾಕ್ಕೆ ಅರ್ಜಿ ಹಾಕಲು ಬರುವುದು. ಅಂದರೆ ರಿಸಲ್ಟ್ ಬರಲೇಬೇಕು. 2026ರ ಡಿಸೆಂಬರ್ 31ರೊಳಗೆ ಅರ್ಜಿ ಹಾಕಿದರೆ ಎರಡು ವರ್ಷ. 2027ರ ಜನವರಿ 1ರಿಂದ ಹಾಕಿದವರಿಗೆ ಹದಿನೆಂಟೇ ತಿಂಗಳು. ಡಿಸರ್ಟೇಶನ್‌ಗೆ ಎಕ್ಸ್‌ಟೆನ್ಶನ್ ಕೇಳಿದರೆ, ಒಂದು ವಿಷಯ ಮತ್ತೆ ಬರೆಯಬೇಕಾಗಿ ಬಂದರೆ ರಿಸಲ್ಟ್ ಜನವರಿಗೆ ಹೋಗಬಹುದು. ಎರಡು ವಾರ ಎಕ್ಸ್‌ಟ್ರಾ ತಗೊಂಡರೆ ಏನು ಮಹಾ ಅಂತ ಕೇಳುವವರು, ಆಗ ರಿಸಲ್ಟ್ ಯಾವ ಬೋರ್ಡ್ ಮೀಟಿಂಗಿಗೆ ಹೋಗುತ್ತದೆ, ಹೋಮ್ ಆಫೀಸಿಗೆ ಯಾವಾಗ ತಿಳಿಸುತ್ತೀರಿ ಅಂತ ಯೂನಿವರ್ಸಿಟಿಗೆ ಈಗಲೇ ಒಂದು ಮೇಲ್ ಹಾಕಿ.

ಕಂಪನಿ ಸ್ಪಾನ್ಸರ್ ಮಾಡಿದರೆ ಸಿಗುವ ಸ್ಕಿಲ್ಡ್ ವರ್ಕರ್ ವೀಸಾದ ಕಥೆಯೇ ಬೇರೆ. ಅದಕ್ಕೆ ರಿಸಲ್ಟ್ ಕಾಯಬೇಕಾಗಿಲ್ಲ. ಕೆಲಸ ಶುರುವಾಗುವ ದಿನ ಕೋರ್ಸ್ ಮುಗಿದ ನಂತರದ್ದಾಗಿದ್ದರೆ ಸಾಕು, ಸ್ಟೂಡೆಂಟ್ ವೀಸಾದಿಂದ ನೇರವಾಗಿ ಬದಲಾಗಬಹುದು. ಹಾಗೆ ನೇರವಾಗಿ ಬಂದವರಿಂದ ಕಂಪನಿಗೂ ಉಳಿತಾಯ. ಹೊರಗಿನವರನ್ನು ಸ್ಪಾನ್ಸರ್ ಮಾಡಿದರೆ ದೊಡ್ಡ ಕಂಪನಿ ಸರ್ಕಾರಕ್ಕೆ ವರ್ಷಕ್ಕೆ 1,320 ಪೌಂಡ್ ಸ್ಕಿಲ್ಸ್ ಚಾರ್ಜ್ ಕಟ್ಟಬೇಕು. ಮೂರು ವರ್ಷಕ್ಕೆ ಸುಮಾರು ನಾಲ್ಕು ಸಾವಿರ. ಇಲ್ಲೇ ಇದ್ದು ಸ್ಟೂಡೆಂಟ್ ವೀಸಾದಿಂದ ಬದಲಾಗುವವರಿಗೆ ಆ ಚಾರ್ಜ್ ಇಲ್ಲ. ಗ್ರ್ಯಾಜುಯೇಟ್ ವೀಸಾ ತಗೊಂಡು ಆಮೇಲೆ ಬದಲಾದರೆ ಕಟ್ಟಬೇಕು. ಎಚ್‌ಆರ್‌ನವರಿಗೆ ಇದನ್ನು ವಿನಯವಾಗಿ ಹೇಳಿದರೆ ತಪ್ಪೇನಿಲ್ಲ. ಸಣ್ಣ ಕಂಪನಿಗಳಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇರುವುದಿಲ್ಲ.

ಸಂಬಳದ ಮಾತು ಇನ್ನೂ ಮುಖ್ಯ. 2025ರ ಜುಲೈ 22ರಿಂದ ಸ್ಕಿಲ್ಡ್ ವರ್ಕರ್‌ಗೆ ವರ್ಷಕ್ಕೆ ಕನಿಷ್ಠ 41,700 ಪೌಂಡ್ ಬೇಕು. ಈಗಷ್ಟೇ ಓದಿ ಬಂದವರಿಗೆ 'ನ್ಯೂ ಎಂಟ್ರಂಟ್' ಅಂತ ರಿಯಾಯಿತಿ ಇದೆ, 33,400 ಸಾಕು. ಆಯಾ ಕೆಲಸಕ್ಕೆ ಸರ್ಕಾರ ಇಟ್ಟಿರುವ ರೇಟಿನ ಶೇಕಡಾ 70 ಇದಕ್ಕಿಂತ ಜಾಸ್ತಿ ಆದರೆ ಅಷ್ಟು ಬೇಕು. ಈ ರಿಯಾಯಿತಿ ಒಟ್ಟು ನಾಲ್ಕು ವರ್ಷಕ್ಕೆ ಮಾತ್ರ, ಗ್ರ್ಯಾಜುಯೇಟ್ ವೀಸಾದಲ್ಲಿ ಕಳೆದ ಸಮಯವೂ ಅದರೊಳಗೇ ಸೇರುತ್ತದೆ. ನಮ್ಮ ಹುಡುಗಿಗೆ 34,000ದ ಆಫರ್ ಬಂತು ಅಂದುಕೊಳ್ಳಿ. ನೇರವಾಗಿ ಬದಲಾದರೆ ಸಂಬಳ 41,700ಕ್ಕೆ ಏರಲು ನಾಲ್ಕು ವರ್ಷ ಸಿಗುತ್ತದೆ. ಎರಡು ವರ್ಷ ಗ್ರ್ಯಾಜುಯೇಟ್ ವೀಸಾದಲ್ಲಿ ಕಳೆದು ಆಮೇಲೆ ಸ್ಪಾನ್ಸರ್ ಸಿಕ್ಕರೆ ಉಳಿಯುವುದು ಎರಡೇ ವರ್ಷ. ಕಂಪನಿಯವರೂ ಇದನ್ನೇ ಲೆಕ್ಕ ಹಾಕಿ ಹಿಂದೆ ಸರಿಯುತ್ತಾರೆ.

ಹಾಗಾದರೆ ಯಾವಾಗ ಶುರು ಮಾಡಬೇಕು? ಬಂದ ತಿಂಗಳೇ. ದೊಡ್ಡ ಕಂಪನಿಗಳ ಗ್ರ್ಯಾಜುಯೇಟ್ ಸ್ಕೀಮ್‌ಗಳು ಮುಂದಿನ ವರ್ಷದ ಕೆಲಸಕ್ಕೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ ಅರ್ಜಿ ಕರೆಯುತ್ತವೆ. ನಮ್ಮವರು ಆಗ ರೂಮ್ ಹುಡುಕಾಟ, ಪಾರ್ಟ್‌ಟೈಮ್ ಕೆಲಸ, ಕುಕ್ಕರ್ ಖರೀದಿಯಲ್ಲಿ ಮುಳುಗಿರುತ್ತಾರೆ. (ನಾನು ಕಂಡ ಹಾಗೆ ಕುಕ್ಕರ್ ಮಾತ್ರ ಎಲ್ಲರಿಗೂ ಸಿಗುತ್ತದೆ.) ಲೈಸೆನ್ಸ್ ಇರುವ ಸ್ಪಾನ್ಸರ್‌ಗಳ ಪಟ್ಟಿ gov.uk ನಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಪಟ್ಟಿಯಲ್ಲಿದ್ದ ಮಾತ್ರಕ್ಕೆ ಹೊಸಬರನ್ನು ಸ್ಪಾನ್ಸರ್ ಮಾಡುತ್ತಾರೆ ಅಂತಲ್ಲ. ಎಂದೋ ಒಬ್ಬ ಸೀನಿಯರ್‌ಗಾಗಿ ಲೈಸೆನ್ಸ್ ತಗೊಂಡಿರಬಹುದು. ಅದಕ್ಕೇ ಮೂರು ರೌಂಡ್ ಇಂಟರ್‌ವ್ಯೂ ಆದ ಮೇಲಲ್ಲ, ಮೊದಲ ಫೋನ್ ಕರೆಯಲ್ಲೇ ಕೇಳಿಬಿಡಿ. ಸ್ಪಾನ್ಸರ್‌ಶಿಪ್ ಸರ್ಟಿಫಿಕೇಟ್ ಕೊಡಿಸುತ್ತೇವೆ, ಇಷ್ಟು ಲಕ್ಷ ಕೊಡಿ ಅನ್ನುವ ಏಜೆಂಟರ ಹತ್ತಿರವೂ ಸುಳಿಯಬೇಡಿ.

ಮೊನ್ನೆ ಅಕ್ಕ ಫೋನ್ ಮಾಡಿ, "ದೀಪಾವಳಿಗೆ ಅವಳನ್ನು ಕಳಿಸೋ, ಹೇಗೂ ಓದು ಮುಗಿದಿರುತ್ತಲ್ಲ" ಅಂದಳು. ಬಂದು ಹೋಗಲಿ ಅಕ್ಕ, ಆದರೆ ರಿಟರ್ನ್ ಟಿಕೆಟ್ ನವೆಂಬರ್ ಮಧ್ಯದೊಳಗೇ ಇರಲಿ ಅಂದೆ. ಗ್ರ್ಯಾಜುಯೇಟ್ ವೀಸಾಕ್ಕೆ ಇಲ್ಲೇ ಇದ್ದು ಅರ್ಜಿ ಹಾಕಬೇಕು. ಹಾಕಿ ಉತ್ತರ ಬರುವ ಮೊದಲೇ ಊರಿಗೆ ವಿಮಾನ ಹತ್ತಿದರೆ ಆ ಅರ್ಜಿ ವಾಪಸ್ ತಗೊಂಡ ಹಾಗೆ.