ಆ್ಯಡ್ ನೋಡಿ ಸಿಗೋ 2x ಅಂದ್ರೆ ಬರೀ ಐದು ಅಜ್ಜಿ

ಕುಮಟಾದಿಂದ ಶಿರಸಿಗೆ ಬರೋ ಬಸ್ಸಲ್ಲಿ ಪಕ್ಕ ಕೂತ ಕಾಲೇಜು ಹುಡುಗ ದೇವಿಮನೆ ಘಟ್ಟ ಹತ್ತೋವರೆಗೂ ಮೊಬೈಲಲ್ಲಿ ಆ್ಯಡ್ ನೋಡ್ತಾನೇ ಇದ್ದ. ಒಂದು ಮುಗೀತು, ಗಳಿಕೆ ದುಪ್ಪಟ್ಟು ಮಾಡೋ 2x ಬಟನ್, ಮತ್ತೊಂದು ಆ್ಯಡ್. ಎಂತಾ ಆಟ ತಮಾ ಅಂದೆ, ಐಡಲ್ ಗೇಮ್ ಅಂದ, ನಂಬರ್ ಏರ್ತಾ ಹೋಗ್ತದೆ ಅಷ್ಟೇ ಅಂದ. ಅಷ್ಟೇ! ನನಗೆ ಎಷ್ಟು ಇಷ್ಟದ ಆಟ ಇವು ಅಂತ ನಿಮ್ಗೆಲ್ಲ ಗೊತ್ತಲ್ಲ, ಸಿಟ್ಟು ಬಂತು. ಅವನ ಮೇಲಲ್ಲ, ಆ ಬಟನ್ ಮೇಲೆ.

ಯಾಕೆ ಅಂದ್ರೆ ಈ ಆಟಗಳಲ್ಲಿ ಸ್ಪೀಡಾಗಿ ಬೆಳೆಯೋದು ನಿಮ್ಮ ಗಳಿಕೆ ಅಲ್ಲ ಮಾರಾಯ್ರೆ, ಬೆಲೆ. 2013ರಲ್ಲಿ ಫ್ರಾನ್ಸಿನ ಓರ್ಟೀಲ್ ಮಾಡಿದ ಕುಕೀ ಕ್ಲಿಕರನ್ನೇ ತಗೊಳ್ಳಿ, ಅದರಲ್ಲಿ ಕುಕೀನೇ ದುಡ್ಡು, ಅದನ್ನ ಕೊಟ್ಟು ಕುಕೀ ಮಾಡಿಕೊಡೋ ಅಜ್ಜಿಯರನ್ನ ಕೊಳ್ಳೋದು. ಮೊದಲ ಅಜ್ಜಿಗೆ 100 ಕುಕೀ, ಆ ಅಜ್ಜಿ ಸೆಕೆಂಡಿಗೆ 1 ಕುಕೀ ಮಾಡಿಕೊಡ್ತಾಳೆ. ಎರಡನೇ ಅಜ್ಜಿಗೆ 115, ಮೂರನೇದಕ್ಕೆ 133, ಹೀಗೆ ಪ್ರತಿ ಸಲ ಬೆಲೆ 15 ಪರ್ಸೆಂಟ್ ಜಾಸ್ತಿ. ಹನ್ನೊಂದನೇ ಅಜ್ಜಿಗೆ 405 ಕೊಡಬೇಕು, ಅವಳೂ ಮಾಡೋದು ಅದೇ 1 ಕುಕೀ. ಅಂದ್ರೆ ಗಳಿಕೆ ಒಂದೊಂದೇ ಮೆಟ್ಟಿಲು ಏರ್ತದೆ, ಬೆಲೆ ಗುಣಿಸಿಕೊಂಡು ಓಡ್ತದೆ.

ಈಗ ಆ 2x ಲೆಕ್ಕ ನೋಡಿ. 1.15ನ್ನ ಐದು ಸಲ ಗುಣಿಸಿದ್ರೆ ಎರಡು ದಾಟ್ತದೆ. ಹಂಗಾಗಿ ನೂರು ಅಜ್ಜಿ ಕೊಳ್ಳೋಷ್ಟು ಕುಕೀ ಇದ್ದವನಿಗೆ ಅದರ ಎರಡರಷ್ಟು ಕೊಟ್ರೆ ಅವನ ಹತ್ರ ಇನ್ನೂರು ಅಜ್ಜಿ ಆಗೋದಿಲ್ಲ, ಹೆಚ್ಚಂದ್ರೆ ನೂರೈದು ಆಗ್ತಾರೆ, ಅಷ್ಟೇ. ಅಷ್ಟಕ್ಕೆ ಅಷ್ಟೊಂದು ಆ್ಯಡ್! ನಿಮ್ಮ ಗೇಮಲ್ಲಿ ಎಷ್ಟು ಅಂತ ತಿಳೀಬೇಕಂದ್ರೆ ಒಂದು ವಸ್ತು ಕೊಂಡ ಮೇಲಿನ ಬೆಲೆಯನ್ನ ಕೊಳ್ಳೋ ಮೊದಲಿನ ಬೆಲೆಯಿಂದ ಭಾಗಿಸಿ, ಸಾಕು. 1.07 ಬಂದ್ರೆ ದುಪ್ಪಟ್ಟು ದುಡ್ಡಿಗೆ ಸುಮಾರು ಹತ್ತು ಹೆಚ್ಚು ಸಿಗ್ತದೆ, 1.15 ಬಂದ್ರೆ ಐದು.

ಹಂಗಾದ್ರೆ ನಂಬರ್ ಏರ್ತಾನೇ ಇರೋದು ಹೆಂಗೆ? ಅಲ್ಲೇ ಇರೋದು ಆಟ. ಅಜ್ಜಿ ದುಬಾರಿ ಆಗೋ ಹೊತ್ತಿಗೆ ಮುಂದೆ ಫಾರ್ಮ್ ಕಾಣ್ತದೆ, ಬೆಲೆ 1100, ಸೆಕೆಂಡಿಗೆ 8 ಕುಕೀ. ಹಾಕಿದ ಕುಕೀ ವಾಪಸ್ ಬರೋಕೆ ಫಾರ್ಮಿಗೆ ಸುಮಾರು 138 ಸೆಕೆಂಡ್ ಬೇಕು, ಮೂರನೇ ಅಜ್ಜಿಗೆ 133, ನಾಲ್ಕನೇ ಅಜ್ಜಿಗೆ 153. ಹಂಗಾದ್ರೆ ಮೂರಕ್ಕೇ ನಿಲ್ಲಿಸಿ ಫಾರ್ಮಿಗೆ ಕೂಡಿಡಬೇಕು ಅಂತ ಅನಿಸ್ತದಲ್ವಾ? ಅಲ್ಲ! ಮೂರನೇ ಅಜ್ಜಿ ಕೊಂಡು ಕೈ ಖಾಲಿ ಅಂತ ಇಟ್ಕೊಳ್ಳಿ, ಕ್ಲಿಕ್ ಮಾಡೋದು ಬಿಡಿ, ಬೇರೆ ಎಂತದ್ದೂ ಇಲ್ಲ. ಮೂರೇ ಅಜ್ಜಿ ಇಟ್ಕೊಂಡು ಕಾದ್ರೆ 1100 ಆಗೋಕೆ 367 ಸೆಕೆಂಡ್. ನಾಲ್ಕನೇ ಅಜ್ಜಿಗೆ 51 ಸೆಕೆಂಡ್ ಕಾದು, ಆಮೇಲೆ ನಾಲ್ಕು ಜನರ ದುಡಿಮೆಯಲ್ಲಿ 275 ಸೆಕೆಂಡ್, ಒಟ್ಟು 326. ಐದನೇ ಅಜ್ಜಿಯನ್ನೂ ತಗೊಂಡ್ರೆ ಒಟ್ಟು 315. ಆರನೇಯವಳನ್ನೂ ತಗೊಂಡ್ರೆ 318, ಅಲ್ಲಿ ವಾಪಸ್ ಏರಿತು. ಅಂದ್ರೆ ಮೊದಲ ಫಾರ್ಮ್ ಬೇಗ ಬೇಕಂದ್ರೆ ಐದು ಅಜ್ಜಿಗೆ ನಿಲ್ಲಿಸಬೇಕು. ಇದನ್ನ ಕಾಗದದ ಮೇಲೆ ಮಾಡಿ ನೋಡಿ, ಆ 315ಕ್ಕೆ ಬಂದಾಗ ಎಂತಾ ಖುಷಿ ಆಗ್ತದೆ ಅಂತ ನಿಮ್ಗೇ ಗೊತ್ತಾಗ್ತದೆ. ಮುಂದೆ ಮೈನ್, ಆಮೇಲೆ ಫ್ಯಾಕ್ಟರಿ, ಪ್ರತಿ ಸಲ ಇದೇ ಪ್ರಶ್ನೆ ಹೊಸ ಅಂಕಿಯಲ್ಲಿ ಬರ್ತದೆ.

ಟೈಮ್ ವೇಸ್ಟ್, ಸುಮ್ನೆ ಸೊನ್ನೆ ಎಣಿಸೋದು ಅಂತ ನಮ್ಮ ಭಾವ ಯಾವಾಗ್ಲೂ ಹೇಳ್ತಾನೆ. ಸೊನ್ನೆ ಎಣಿಸೋರು ಇದ್ದಾರೆ, ಹೌದು. ಆದ್ರೆ ಮೇಲೆ ಬರೆದ ಲೆಕ್ಕದಲ್ಲಿ ಸೊನ್ನೆ ಎಣಿಸಿದ್ದು ಎಲ್ಲಿ ಹೇಳಿ? ಯಾವುದನ್ನ ಯಾವಾಗ ಕೊಳ್ಳಬೇಕು, ಯಾವಾಗ ಕೈ ಬಿಡಬೇಕು ಅನ್ನೋದು ಅಲ್ಲಿದೆ. ಚಕ್ರಬಡ್ಡಿ, ಸಾಲದ ಕಂತು ಎಲ್ಲ ಇದೇ ಗುಣಾಕಾರ ಅಲ್ವಾ, ಅದನ್ನ ಮಕ್ಕಳು ಯಾರೂ ಹೇಳದೇ ತಾವೇ ಆಡ್ತಾ ಇರೋವಾಗ ಅಡ್ಡ ಬಂದು ಆ್ಯಡ್ ತೋರಿಸೋದು ನನಗೆ ಸಹಿಸೋಕಾಗೋದಿಲ್ಲ. ನಾಲ್ಕು ತಾಸು ಎಲ್ಲಾ ಗಳಿಕೆಗೂ 2x ಅಂದ್ರೆ ನಾಲ್ಕು ತಾಸು ಮೊದಲೇ ಅದೇ ಜಾಗಕ್ಕೆ ಹೋಗಿ ನಿಲ್ಲೋದು, ಮತ್ತೇನಿಲ್ಲ. ಅಜ್ಜಿಗೋ ಫಾರ್ಮಿಗೋ ಅಂತ ಯೋಚಿಸೋ ಕೆಲಸ ಅದರಿಂದ ಒಂದು ಚೂರೂ ಆಗೋದಿಲ್ಲ.

ಅದೇ ಕುಕೀ ಕ್ಲಿಕರಲ್ಲಿ ಎಲ್ಲ ಅಳಿಸಿ ಮೊದಲಿಂದ ಶುರು ಮಾಡೋ ಪ್ರೆಸ್ಟೀಜ್ ಅಂತ ಇದೆ, ಅದನ್ನ ನೋಡಿ. ಒಟ್ಟು 1 ಲಕ್ಷ ಕೋಟಿ ಕುಕೀ ಆದ್ರೆ ಒಂದು ಲೆವೆಲ್. ಎರಡಕ್ಕೆ 8 ಲಕ್ಷ ಕೋಟಿ, ಮೂರಕ್ಕೆ 27, ಹತ್ತಕ್ಕೆ 1000 ಲಕ್ಷ ಕೋಟಿ, ಘನಮೂಲದ ಲೆಕ್ಕ. ಇಲ್ಲೂ ಒಟ್ಟು ದುಪ್ಪಟ್ಟು ಮಾಡಿದವನಿಗೆ ಲೆವೆಲ್ ಬರೀ 26 ಪರ್ಸೆಂಟ್ ಜಾಸ್ತಿ ಆಗ್ತದೆ. ಈ ವಿಷಯ ಗೊತ್ತಿದ್ದವನು ಯಾವಾಗ ರೀಸೆಟ್ ಹೊಡೀಬೇಕು ಅಂತ ಪೆನ್ನು ಹಿಡಿದು ಕೂರ್ತಾನೆ, ಗೊತ್ತಿಲ್ಲದವನಿಗೆ ಇನ್ನೊಂದು ಆ್ಯಡ್ ತೋರಿಸ್ತಾರೆ.