ತೊಂಬತ್ತು ದಿನ ದುಡಿದಿದ್ದಕ್ಕೆ ಸಹಿ ಹಾಕುವವರು ಯಾರ‍್ರೀ?

ಪುಣೆಯ ಯಾವುದೇ ಮಜೂರ ನಾಕಾಕ್ಕೆ ಬೆಳಗ್ಗೆ ಏಳೂವರೆಗೆ ಹೋಗಿ ನಿಂತು ನೋಡಿ. ಯಾದಗಿರಿ, ಕಲಬುರಗಿ, ವಿಜಯಪುರ ಕಡೆಯ ನಮ್ಮ ಮಂದಿ ಕೈಚೀಲದಲ್ಲಿ ಥಾಪಿ, ಓಳಂಬ, ರೊಟ್ಟಿಗಂಟು ಇಟ್ಟುಕೊಂಡು ನಿಂತಿರುತ್ತಾರೆ. ಈ ಊರಿನ ಗೋಡೆಗಳಿಗೆ ಗಿಲಾವು ಬಳಿದವರು ಇವರು. ಇವರ ಪೈಕಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಪುಸ್ತಕದಲ್ಲಿ ಹೆಸರು ಇರುವವರು ಎಷ್ಟು ಮಂದಿ ಅಂತ ಕೇಳಿ. ಬಹಳ ಕಡೆ ಸಿಗುವ ಉತ್ತರ ಒಂದೇ: "ಕಾಗದ ಸಿಗಲಿಲ್ಲ ಸಾಹೇಬ್ರ."

ಆ ಕಾಗದ ಅಂದರೆ 90 ದಿನ ಕೆಲಸ ಮಾಡಿದ ಪ್ರಮಾಣಪತ್ರ. ನನ್ನ ಸಿಟ್ಟೆಲ್ಲ ಆ ಒಂದು ಕಾಗದದ ಮೇಲೆ.

ನಿಯಮ ಏನೂ ಕಷ್ಟದ್ದಲ್ಲ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿರಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಇದ್ದದ್ದೂ ಇದೇ, ಈಗ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಇರುವ ಅಳತೆಯೂ ಇದೇ. ಸತತವಾಗಿ 90 ದಿನ ಅಂತಿಲ್ಲ. ಒಬ್ಬನೇ ಮಾಲೀಕನ ಹತ್ತಿರ ಅಂತಲೂ ಇಲ್ಲ. ಮಹಾರಾಷ್ಟ್ರ ಮಂಡಳಿ ತೆಗೆದುಕೊಳ್ಳುವ ಶುಲ್ಕ ನೋಂದಣಿಗೆ 1 ರೂಪಾಯಿ, ವಾರ್ಷಿಕ ವಂತಿಗೆ 1 ರೂಪಾಯಿ. ಆಧಾರ್, ವಯಸ್ಸಿನ ದಾಖಲೆ, ವಾಸದ ದಾಖಲೆ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಫೋಟೊ, ಜೊತೆಗೆ ಈ 90 ದಿನದ ಪತ್ರ. mahabocw.in ತೆರೆದು ಆಧಾರ್ ನಂಬರ್, ಮೊಬೈಲ್ ನಂಬರ್ ಹಾಕಿದರೆ ಓಟಿಪಿ ಬರುತ್ತದೆ, ಅರ್ಜಿ ತೆರೆದುಕೊಳ್ಳುತ್ತದೆ. ಉಳಿದ ಕಾಗದಗಳು ಹೇಗೋ ಹೊಂದುತ್ತವೆ. ಇದೊಂದೇ ಹೊಂದುವುದಿಲ್ಲ.

ಯಾಕೆ ಅಂತ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಒಬ್ಬ ಗವಂಡಿ ಇದ್ದಾನೆ ಅನ್ನಿ. ದೀಪಾವಳಿ ಮುಗಿಸಿ ಊರಿಂದ ಬಂದವನು ಒಂದು ಅಪಾರ್ಟ್‌ಮೆಂಟಿನ ಗಿಲಾವಿಗೆ ಮುಕಾದಮನ ಕೈಕೆಳಗೆ 38 ದಿನ ದುಡಿದ. ಆಮೇಲೆ ಒಂದು ಹಳೇ ಬಂಗಲೆಯ ರಿಪೇರಿ, 21 ದಿನ. ಒಂದು ಸೊಸೈಟಿಯ ಕಂಪೌಂಡ್ ಗೋಡೆ, 26 ದಿನ. ಕಡೆಗೆ ಫುಟ್‌ಪಾತ್ ಕೆಲಸ, 17 ದಿನ. ಮಳೆ ಹಿಡಿದ ಮೇಲೆ ಬಿತ್ತನೆಗೆ ಊರಿಗೆ ಹೋದ. ಒಟ್ಟು 102 ದಿನ. ಕಾನೂನಿನ ಪ್ರಕಾರ ಅವನು ಅರ್ಹ, 12 ದಿನ ಹೆಚ್ಚೇ ಇದೆ. ಆದರೆ ಒಬ್ಬೊಬ್ಬರೂ ತಮ್ಮ ಹತ್ತಿರ ಮಾಡಿದಷ್ಟು ದಿನಕ್ಕೆ ಮಾತ್ರ ಸಹಿ ಹಾಕಬಲ್ಲರು. ಒಬ್ಬನದು 38, ಒಬ್ಬನದು 21. ಯಾರ ಕಾಗದವೂ 90 ಮುಟ್ಟುವುದಿಲ್ಲ.

ಸಹಿಯಾದರೂ ಹಾಕುತ್ತಾರೆಯೇ? ಈ ಗವಂಡಿಯ ಮುಖ ಗೊತ್ತಿರುವುದು, ದಿನಾ ಹಾಜರಿ ಬರೆಯುವುದು ಮುಕಾದಮ. ಅವನ ಹತ್ತಿರ ಲೆಟರ್‌ಹೆಡ್ ಇಲ್ಲ, ಶಿಕ್ಕಾ ಇಲ್ಲ, ನೋಂದಣಿ ನಂಬರ್ ಇಲ್ಲ. ಅವನ ಮೇಲೆ ಸಬ್ ಕಾಂಟ್ರಾಕ್ಟರ್, ಅವನ ಮೇಲೆ ಕಾಂಟ್ರಾಕ್ಟರ್, ಅವನ ಮೇಲೆ ಬಿಲ್ಡರ್. ನಂಬರು, ಶಿಕ್ಕಾ ಇರುವುದು ಮೇಲಿನವರ ಹತ್ತಿರ, ಅವರಿಗೆ ಈ ಮನುಷ್ಯ ಗೊತ್ತೇ ಇಲ್ಲ. ಗೊತ್ತಿದ್ದರೂ ಕೈ ಹಿಂದೆ ತೆಗೆಯುತ್ತಾರೆ. "ಇವನು ನನ್ನ ಹತ್ತಿರ ಇಷ್ಟು ದಿನ ಕೆಲಸ ಮಾಡಿದ" ಅಂತ ಬರೆದುಕೊಟ್ಟರೆ ಅವನಿಗೆ ಮಾಲೀಕ ನಾನು ಅಂತ ಒಪ್ಪಿಕೊಂಡ ಹಾಗೆ. ನಾಳೆ ಪರಾಂಚದಿಂದ ಬಿದ್ದು ಕಾಲು ಮುರಿದರೆ ಆ ಕಾಗದ ಎದುರಿಗೆ ಬರುತ್ತದೆ ಅನ್ನುವ ಭಯ. ಮೈಮುರಿದು ದುಡಿಸಿಕೊಳ್ಳುವಾಗ ಇಲ್ಲದ ಭಯ ಎರಡು ಸಾಲು ಬರೆಯುವಾಗ ಎಲ್ಲಿಂದ ಬರುತ್ತದೆ?

ಹಳ್ಳಿಯಲ್ಲಾದರೆ ಗ್ರಾಮಸೇವಕರು, ಪಟ್ಟಣದಲ್ಲಾದರೆ ಮಹಾನಗರಪಾಲಿಕೆ ಅಥವಾ ನಗರಪರಿಷತ್ತಿನ ಅಧಿಕೃತ ಅಧಿಕಾರಿ ಈ ಪತ್ರ ಕೊಡಬಹುದು. ನಾಕಾದ ಕೆಲಸಗಾರನಿಗೆ ಇರುವ ನಿಜವಾದ ದಾರಿ ಇದೊಂದೇ. ನಾಲ್ಕು ಕಡೆಯ ದಿನಗಳನ್ನು ಕೂಡಿಸಿ ಒಂದು ಸಹಿ ಹಾಕಲು ಆಗುವುದು ಇಲ್ಲಿ ಮಾತ್ರ. ಆದರೆ ಕಿಟಕಿಯ ಹತ್ತಿರ ಹೋದರೆ "ನೀನು ಎಲ್ಲಿ ದುಡಿದಿ ಅಂತ ನಮಗೇನು ಗೊತ್ತು, ಕಾಂಟ್ರಾಕ್ಟರನಿಂದ ತಾ" ಅಂತಾರೆ. ಕಾಂಟ್ರಾಕ್ಟರ್ "ವಾರ್ಡ್ ಆಫೀಸಿಗೆ ಹೋಗು" ಅಂತಾನೆ. ಕಟ್ಟಡದ ನಕಾಶೆ ಮಂಜೂರಿಗೆ ಬಂದಾಗ ಕಟ್ಟಡದ ವೆಚ್ಚದ ಶೇಕಡಾ 1ರಷ್ಟು ಕಾರ್ಮಿಕ ಸೆಸ್ ಕಟ್ಟಿಸಿಕೊಳ್ಳುವುದು ಸ್ಥಳೀಯ ಸಂಸ್ಥೆಗಳೇ. 1 ಕೋಟಿ ವೆಚ್ಚದ ಕಟ್ಟಡಕ್ಕೆ 1 ಲಕ್ಷ. ಕಾರ್ಮಿಕರ ಹೆಸರು ಹೇಳಿ ಹಣ ತೆಗೆದುಕೊಳ್ಳುವಾಗ ಅಲ್ಲಿ ಕಾರ್ಮಿಕರು ದುಡಿಯುತ್ತಾರೆ ಅಂತ ಗೊತ್ತಿರುತ್ತದೆ. ಅದೇ ಕಾರ್ಮಿಕ ಕಿಟಕಿಗೆ ಬಂದು ನಿಂತರೆ ಅವನು ಯಾರು ಅಂತ ಗೊತ್ತಿರುವುದಿಲ್ಲ! ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ?

ಮತ್ತೆ ಹೀಗೆ ಒಂದೊಂದು ಸಲ ಹೋಗಿಬರುವುದೂ ಪುಕ್ಕಟೆ ಅಲ್ಲ. ಆಫೀಸು ತೆರೆಯುವ ಹೊತ್ತಿಗೆ ನಾಕಾ ಖಾಲಿಯಾಗಿರುತ್ತದೆ. ಹೋದ ದಿನದ ಪಗಾರ ಹೋಯಿತು. ಮೂರು ಸಲ ಅಲೆದರೆ ಮೂರು ಹಾಜರಿ.

ಈ ಅಲೆದಾಟದಲ್ಲೇ ಏಜೆಂಟರು ಹುಟ್ಟಿಕೊಳ್ಳುವುದು. 2 ರೂಪಾಯಿ ಶುಲ್ಕದ ಕೆಲಸಕ್ಕೆ ಸಾವಿರಗಟ್ಟಲೆ ಕೇಳುತ್ತಾರೆ. ಯಾವುದೋ ಕಾಂಟ್ರಾಕ್ಟರನ ಶಿಕ್ಕಾ ಹೊಡೆದು, ನೋಡದ ಸೈಟಿನ ಹೆಸರು ಬರೆದು ಪತ್ರ ಕೊಡುತ್ತಾರೆ. ಅದೇ ಶಿಕ್ಕಾ ನೂರು ಅರ್ಜಿಗಳ ಮೇಲೆ ಇರುತ್ತದೆ. ತಪಾಸಣೆಯಲ್ಲಿ ಫೋನ್ ಮಾಡಿ "ಎಲ್ಲಿ ಕೆಲಸ ಮಾಡಿದಿ, ಮಾಲೀಕನ ಹೆಸರೇನು" ಅಂತ ಕೇಳಿದಾಗ ನಮ್ಮವನು ನಿಜ ಹೇಳುತ್ತಾನೆ, ಕಾಗದ ಸುಳ್ಳಾಗುತ್ತದೆ. ಏಜೆಂಟನ ಹೆಸರು ಎಲ್ಲಿಯೂ ಇರುವುದಿಲ್ಲ. ನಿಜವಾಗಿ 102 ದಿನ ದುಡಿದವನು ಖೊಟ್ಟಿ ಕಾರ್ಮಿಕ ಅನ್ನಿಸಿಕೊಳ್ಳುತ್ತಾನೆ.

ದಯವಿಟ್ಟು ಇಷ್ಟು ಮಾಡಿ. ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಕು, ಕಟ್ಟಡದ ಹೆಸರು, ಏರಿಯಾ, ಯಾವ ಕೆಲಸ, ಮುಕಾದಮನ ಹೆಸರು, ಫೋನ್ ನಂಬರ್, ಸಿಕ್ಕ ಪಗಾರ ದಿನಾ ಒಂದು ಸಾಲಿನಲ್ಲಿ ಬರೆಯಿರಿ, ಬರೆಯಲು ಬಾರದಿದ್ದರೆ ಮಕ್ಕಳ ಕೈಲಿ ಬರೆಸಿ. ವಾರದ ಪಗಾರ ಎಣಿಸಿ ಕೊಡುವಾಗಲೇ ಮುಕಾದಮನ ಸಹಿ ಆ ಪುಟದ ಕೆಳಗೆ ಹಾಕಿಸಿಕೊಳ್ಳಿ, ಆರು ತಿಂಗಳ ನಂತರ ಹುಡುಕಿದರೆ ಅವನು ಸಿಗುವುದಿಲ್ಲ. ಫೋನ್‌ಪೇಯಲ್ಲಿ ಪಗಾರ ಬಂದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ತೆಗೆಸಿ ಆ ಸಾಲುಗಳಿಗೆ ಗುರುತು ಹಾಕಿ. ಇದೆಲ್ಲ ಜೋಡಿಸಿ ವಾರ್ಡ್ ಆಫೀಸಿಗೆ ಬಾಯಲ್ಲಿ ಕೇಳಬೇಡಿ, ಲಿಖಿತ ಅರ್ಜಿಯನ್ನೇ ಕೊಡಿ. ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಪೋಚ್ ತೆಗೆದುಕೊಳ್ಳಿ: ಶಿಕ್ಕಾ, ತಾರೀಕು, ಆವಕ ನಂಬರ್. ಬಾಯಿಮಾತಲ್ಲಿ ಕೇಳಿದವನನ್ನು ಬಾಯಿಮಾತಲ್ಲೇ ಓಡಿಸುತ್ತಾರೆ. ಪೋಚ್ ಇದ್ದರೆ ಉತ್ತರ ಕೊಡಬೇಕಾಗುತ್ತದೆ.

ಪತ್ರ ಕೈಗೆ ಬಂದ ಮೇಲೆ ಅಲ್ಲೇ ನಿಂತು ನೋಡಿ. ಜಾವಕ ನಂಬರ್ ಮತ್ತು ತಾರೀಕು ಇದೆಯೇ? ಅರ್ಜಿಯಲ್ಲಿ ಅವೆರಡನ್ನೂ ತುಂಬಬೇಕು, ಇಲ್ಲದಿದ್ದರೆ ಮುಂದೆ ಹೋಗುವುದಿಲ್ಲ. ಸಹಿಯ ಕೆಳಗೆ ಅಧಿಕಾರಿಯ ಹೆಸರು, ಹುದ್ದೆ ಓದಲು ಬರುತ್ತದೆಯೇ? ಹೆಸರಿನ ಸ್ಪೆಲ್ಲಿಂಗ್ ಆಧಾರದಲ್ಲಿ ಇದ್ದ ಹಾಗೇ ಇದೆಯೇ?

ಹೆಸರಿನ ವಿಷಯಕ್ಕೆ ಬಂದರೆ ನಮ್ಮವರಿಗೆ ಇನ್ನೊಂದು ಪೆಟ್ಟು. ಇಲ್ಲಿಯ ಅರ್ಜಿಗೆ ಸ್ವಂತ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು ಬೇಕು. ನಮ್ಮ ಆಧಾರದಲ್ಲಿ ಬರೀ "ಹಣಮಂತ" ಅಂತಿರುತ್ತದೆ, ಇಲ್ಲವೇ ಹೆಸರಿನ ಜೊತೆ ಅಪ್ಪನ ಹೆಸರು. ಪಾಸ್‌ಬುಕ್ಕಿನಲ್ಲಿ "ಹನುಮಂತಪ್ಪ", ರೇಷನ್ ಕಾರ್ಡಿನಲ್ಲಿ ಇನ್ನೊಂದು. ರೇಷನ್ ಕಾರ್ಡು, ಶಾಲೆಯ ದಾಖಲೆ ಎಲ್ಲ ಕನ್ನಡದಲ್ಲಿ, ಪರಿಶೀಲನೆಗೆ ಕೂತವರಿಗೆ ಒಂದಕ್ಷರ ಓದಲು ಬರುವುದಿಲ್ಲ. ಓದಲಾಗದ್ದನ್ನು ಪಕ್ಕಕ್ಕೆ ಸರಿಸುತ್ತಾರೆ. ಹಾಗಾಗಿ ಮೊದಲು ಆಧಾರವನ್ನು ಸರಿ ಮಾಡಿಸಿ, ಬ್ಯಾಂಕಿನ ಹೆಸರನ್ನು ಅದಕ್ಕೆ ಹೊಂದಿಸಿ, ಆಮೇಲೆ ಅರ್ಜಿ ಹಾಕಿ. ಪಾಸ್‌ಬುಕ್ ಊರಿನದಾದರೆ ಐಎಫ್‌ಎಸ್‌ಸಿ ಕೋಡನ್ನೂ ನೋಡಿಕೊಳ್ಳಿ. ಸಿಂಡಿಕೇಟ್ ಬ್ಯಾಂಕ್ 2020ರಲ್ಲೇ ಕೆನರಾದಲ್ಲಿ ಸೇರಿಹೋಯಿತು. SYNB ಅಂತ ಶುರುವಾಗುವ ಹಳೇ ಕೋಡು ಈಗ ನಡೆಯುವುದಿಲ್ಲ.

ಇನ್ನೊಂದು ಮಾತು. ಇ-ಶ್ರಮ್ ಕಾರ್ಡ್ ಇದ್ದರೆ ಆಯಿತು ಅಂತ ಬಹಳ ಮಂದಿ ತಿಳಿದಿದ್ದಾರೆ. ಅದು ಕೇಂದ್ರದ್ದು, 12 ಅಂಕಿಯ ನಂಬರು, ಯಾರ ಪತ್ರವೂ ಬೇಡ, ತಾನೇ ಹೇಳಿಕೊಂಡರೆ ಸಾಕು. ಮಂಡಳಿಯ ನೋಂದಣಿ ಬೇರೆ. ಊರಲ್ಲಿ ಮಾಡಿಸಿದ ಕರ್ನಾಟಕ ಮಂಡಳಿಯ ಕಾರ್ಡು ತೋರಿಸಿ ಇಲ್ಲಿ ಹಣ ಕೇಳಲೂ ಬರುವುದಿಲ್ಲ.

ಅರ್ಜಿ ತಿರಸ್ಕಾರ ಆದರೆ ಸುಮ್ಮನೆ ಮನೆಗೆ ಹೋಗಬೇಡಿ. ಅರ್ಜಿದಾರನ ಮಾತು ಕೇಳದೆ ತಿರಸ್ಕರಿಸುವಂತಿಲ್ಲ, 30 ದಿನದೊಳಗೆ ಮಂಡಳಿಯ ಕಾರ್ಯದರ್ಶಿಗೆ ಮೇಲ್ಮನವಿ ಕೊಡಬಹುದು ಅಂತ 1996ರ ಕಾಯ್ದೆಯ 12ನೇ ಕಲಮಿನಲ್ಲೇ ಬರೆದಿದ್ದರು. ಕಿಟಕಿಯಲ್ಲಿ ಕೂತವರು ಇದನ್ನು ತಾವಾಗಿ ಯಾಕೆ ಹೇಳುವುದಿಲ್ಲ? ತಿರಸ್ಕಾರದ ಕಾರಣವನ್ನು ಬರವಣಿಗೆಯಲ್ಲಿ ಕೇಳಿ, ತಾರೀಕು ಗುರುತು ಹಾಕಿಕೊಳ್ಳಿ.

ಇಷ್ಟೆಲ್ಲ ಆಗಿ ಹೆಸರು ಏರಿತು ಅನ್ನಿ. ಅಲ್ಲಿಗೆ ಮುಗಿಯಲಿಲ್ಲ, ನವೀಕರಣಕ್ಕೆ ಮತ್ತೆ 90 ದಿನದ ಪತ್ರ ಬೇಕು. ಮತ್ತೆ ಅದೇ ಮುಕಾದಮ, ಅದೇ ಕಿಟಕಿ. ಹೆಂಡತಿಯ ಸಹಜ ಹೆರಿಗೆಗೆ 15,000, ಸಿಸೇರಿಯನ್‌ಗೆ 20,000, ಮಗುವಿಗೆ ಒಂದರಿಂದ ಏಳನೇ ತರಗತಿವರೆಗೆ ವರ್ಷಕ್ಕೆ 2,500, ಕೆಲಸದ ಮೇಲೆ ಅಪಘಾತದಲ್ಲಿ ಸತ್ತರೆ ಮನೆಯವರಿಗೆ 5 ಲಕ್ಷ ಅಂತ ಯೋಜನೆಗಳಿವೆ. ಎಲ್ಲದಕ್ಕೂ ನೋಂದಣಿ ಜೀವಂತ ಇರಬೇಕು. ಊರಿಗೆ ಹೋದಾಗಲೇ ಅವಧಿ ಮುಗಿದು, ಅದೇ ತಿಂಗಳಲ್ಲಿ ಹೆರಿಗೆಯಾದರೆ ಹಣ ಕೇಳುವ ಹಕ್ಕೇ ಕೈಬಿಟ್ಟಂತೆ. ಕಾರ್ಡಿನ ಮೇಲಿನ ಕೊನೆಯ ತಾರೀಕನ್ನು ಗೋಡೆಯ ಮೇಲೆ ಬರೆದಿಡಿ, ಒಂದೆರಡು ತಿಂಗಳು ಮೊದಲೇ ಪತ್ರಕ್ಕೆ ಓಡಾಡಿ.

ಸರ್ಕಾರಕ್ಕೆ ಇದು ಮಾಡಲಾಗದ ಕೆಲಸವೇ? ವಾರಕ್ಕೆ ಒಂದು ದಿನ, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ, ಒಬ್ಬ ಅಧಿಕಾರಿ ಶಿಕ್ಕಾ ಹಿಡಿದು ನಾಕಾಕ್ಕೆ ಬರಲಿ. ಥಾಪಿ ಹಿಡಿದು ಸಿಮೆಂಟಿನಲ್ಲಿ ಸವೆದ ಬೆರಳು ನೋಡಲಿ, ನೋಟ್‌ಬುಕ್ ನೋಡಲಿ, ಬರೆದಿಟ್ಟ ನಂಬರಿಗೆ ಅಲ್ಲೇ ಒಂದು ಫೋನ್ ಹಚ್ಚಲಿ. ಕನ್ನಡ ಓದಲು ಬರುವ ಒಬ್ಬರನ್ನು ಜೊತೆಗೆ ಕರೆತರಲಿ. 38, 21, 26, 17 ಕೂಡಿಸಲು ಎಷ್ಟು ಹೊತ್ತು ಬೇಕು?