‘1 ಎಂಎಸ್ ಮಾನಿಟರ್ ಅಂದ್ರೆ ಲ್ಯಾಗ್ ಬರೀ 1 ಎಂಎಸ್’: ಸ್ಪಷ್ಟನೆ

“ಮಾನಿಟರ್ ಬಾಕ್ಸ್ ಮೇಲೆ 1 ಎಂಎಸ್ ಅಂತಿದೆ. ಹಾಗಾದ್ರೆ ಇನ್‌ಪುಟ್ ಲ್ಯಾಗ್ ಕೂಡ ಅಷ್ಟೇ ಅಲ್ವಾ?”

ಅಲ್ಲ. ಅದು ಪಿಕ್ಸೆಲ್ ಬಣ್ಣ ಬದಲಿಸಲು ಬೇಕಾಗುವ ಸಮಯ, ಅದೂ ಕಂಪನಿಗೆ ಅನುಕೂಲವಾದ ಸೆಟ್ಟಿಂಗ್‌ನಲ್ಲಿ ಅಳೆದದ್ದು. ನೀವು ಟ್ರಿಗರ್ ಒತ್ತಿದ ಮೇಲೆ ಕಂಟ್ರೋಲರ್, ಗೇಮ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್ ಎಲ್ಲವೂ ಒಂದಿಷ್ಟು ಸಮಯ ತಿನ್ನುತ್ತವೆ, ಅದೆಲ್ಲ ಸೇರಿದ್ದೇ ಇನ್‌ಪುಟ್ ಲ್ಯಾಗ್.

ಇದನ್ನು ಮನೆಯಲ್ಲೇ ಅಳೆಯಬಹುದು. ಫೋನ್‌ನ 240 ಎಫ್‌ಪಿಎಸ್ ಸ್ಲೋ ಮೋಷನ್‌ನಲ್ಲಿ ಬೆರಳು, ಪರದೆ ಎರಡೂ ಕಾಣುವಂತೆ ರೆಕಾರ್ಡ್ ಮಾಡಿ. ಟ್ರಿಗರ್ ಒತ್ತಿದ ಫ್ರೇಮ್‌ನಿಂದ ಗನ್ ಬೆಂಕಿ ಕಾಣುವ ಫ್ರೇಮ್‌ವರೆಗೆ ಎಣಿಸಿ. ಒಂದು ಫ್ರೇಮ್ ಅಂದರೆ ಸುಮಾರು 4.2 ಎಂಎಸ್. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ, ಒಂದೇ ಸಲದ ಲೆಕ್ಕ ನಂಬಬೇಡಿ.

ನನ್ನ 144 ಹರ್ಟ್ಸ್ ‘1 ಎಂಎಸ್’ ಮಾನಿಟರ್‌ನಲ್ಲಿ 17 ಫ್ರೇಮ್ ಬಂತು, ಅಂದರೆ 71 ಎಂಎಸ್! ವಿ-ಸಿಂಕ್ ಆಫ್ ಮಾಡಿ, ಗೇಮ್‌ನ ಎಫ್‌ಪಿಎಸ್ ಅನ್ನು 138ಕ್ಕೆ ಕಟ್ಟಿಹಾಕಿದೆ. 10 ಫ್ರೇಮ್‌ಗೆ ಇಳಿಯಿತು. ಕಾರ್ಡ್ ಮೇಲೆ ಪೂರ್ತಿ ಲೋಡ್ ಇದ್ದಾಗ ಫ್ರೇಮ್‌ಗಳು ಸಾಲಲ್ಲಿ ಕಾಯುತ್ತವೆ, ಮಿತಿ ಹಾಕಿದರೆ ಆ ಸಾಲು ಕರಗುತ್ತದೆ. ವಿ-ಸಿಂಕ್ ಇಲ್ಲದಿದ್ದರೆ ಚಿತ್ರ ಸ್ವಲ್ಪ ಹರಿದಂತೆ ಕಾಣಬಹುದು. ಕಂಟ್ರೋಲರ್‌ಗೆ ಬ್ಲೂಟೂತ್ ಬಿಟ್ಟು ಕೇಬಲ್ ಹಾಕಿದಾಗ ಇನ್ನೊಂದೇ ಫ್ರೇಮ್ ಕಡಿಮೆಯಾಯಿತು. ಕೆಲವು ಕಂಟ್ರೋಲರ್‌ಗಳಲ್ಲಿ ಅದೂ ಸಿಗುವುದಿಲ್ಲ.

ಈ ಲೆಕ್ಕದಲ್ಲಿ ಗೇಮ್‌ನ ಸ್ವಂತ ಅನಿಮೇಷನ್ ಸಮಯವೂ ಸೇರಿರುತ್ತದೆ. ಹಾಗಾಗಿ ಬೇರೆ ಗೇಮ್ ಜೊತೆ ಹೋಲಿಸಬೇಡಿ, ಅದೇ ಗೇಮ್, ಅದೇ ಗನ್ ಇಟ್ಟುಕೊಂಡು ಸೆಟ್ಟಿಂಗ್ ಒಂದೊಂದಾಗಿ ಬದಲಿಸಿ ನೋಡಿ.